ಒಂದು ಕಲ್ಲು, ಎರಡು ‘ಏಕೆಂದರೆ’

ಪ್ರಶ್ನೆ: ಸರ್, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಒಂದು ಅಣಕು ಪರೀಕ್ಷೆಯಲ್ಲಿ ಈ ಪ್ಯಾರಾ ಬಂದಿತ್ತು: ‘ಹಲ್ಮಿಡಿ ಶಾಸನದಲ್ಲಿ ಕಾಲದ ಉಲ್ಲೇಖ ಇಲ್ಲ. ಆದರೂ ಅದು ಸುಮಾರು ಕ್ರಿ.ಶ. 450ರದ್ದು. ಏಕೆಂದರೆ ಅದರ ಲಿಪಿ ಹಳೆಯ ಬಗೆಯದು, ಕದಂಬ ದೊರೆ ಕಕುಸ್ಥನ ಹೆಸರೂ ಅದರಲ್ಲಿದೆ. ಶಾಸನದಲ್ಲಿ ಸಂಸ್ಕೃತ ಪದಗಳು ಹೆಚ್ಚಾಗಿವೆ. ಏಕೆಂದರೆ ಆ ಕಾಲದ ಆಳುವವರಲ್ಲಿ ಸಂಸ್ಕೃತಕ್ಕೆ ಮನ್ನಣೆ ಇತ್ತು.’ ಲೇಖಕರ ಮುಖ್ಯ ತೀರ್ಮಾನ ಯಾವುದು ಅಂತ ಕೇಳಿದ್ದರು. ನಾನು ‘ಸಂಸ್ಕೃತಕ್ಕೆ ಮನ್ನಣೆ ಇತ್ತು’ ಅನ್ನುವುದಕ್ಕೆ ಗುರುತು ಹಾಕಿದೆ. ಉತ್ತರದಲ್ಲಿ ‘ಸುಮಾರು 450ರದ್ದು’ ಎಂದಿದೆ. ಒಂದು ವಾದವಂತೆ, ಇನ್ನೊಂದು ವಿವರಣೆಯಂತೆ. ಎರಡೂ ಕಡೆ ‘ಏಕೆಂದರೆ’ ಇರುವಾಗ ಅದು ಗೊತ್ತಾಗುವುದು ಹೇಗೆ? ಗೊತ್ತಾದರೆ ತಾನೇ ಏನು ಲಾಭ?

ಉತ್ತರ:

ಅವರ ಉತ್ತರ ಸರಿ. ನೀವು ಯಾಕೆ ತಪ್ಪಿದಿರಿ ಅನ್ನುವುದನ್ನೂ ಊಹಿಸಬಲ್ಲೆ. ‘ತೀರ್ಮಾನ ಕೊನೆಯ ಸಾಲಿನಲ್ಲಿರುತ್ತದೆ’ ಎಂದು ಯಾರೋ ಹೇಳಿಕೊಟ್ಟಿರುತ್ತಾರೆ. ನಾನು ತರ್ಕಶಾಸ್ತ್ರ ಪಾಠ ಮಾಡುತ್ತಿದ್ದ ಮೊದಲ ವರ್ಷಗಳಲ್ಲಿ ನಾನೂ ಹಾಗೇ ಹೇಳುತ್ತಿದ್ದೆ. ಆಮೇಲೆ ಬಿಟ್ಟೆ. ‘ಏಕೆಂದರೆ’ ಕಂಡ ಕಡೆ ವಾದ ಇದೆ ಅನ್ನುವುದು ಇನ್ನೊಂದು ಸುಲಭದ ದಾರಿ. ಅದೂ ಕೈ ಕೊಡುತ್ತದೆ.

ಕಲ್ಲಿನ ಹತ್ತಿರ ಹೋಗುವ ಮುಂಚೆ ಅಂಗಳದಲ್ಲಿ ಒಂದು ನಿಮಿಷ ನಿಲ್ಲೋಣ.

ಬೆಳಿಗ್ಗೆ ಎದ್ದು ಬಾಗಿಲು ತೆಗೆದು ನೀವು ಹೇಳುತ್ತೀರಿ: ‘ರಾತ್ರಿ ಮಳೆ ಬಂದಿದೆ, ಏಕೆಂದರೆ ಅಂಗಳ ಒದ್ದೆಯಾಗಿದೆ.’ ಮಧ್ಯಾಹ್ನ ಮನೆಗೆ ಬಂದವರೊಬ್ಬರು ಅಂಗಳ ಯಾಕೆ ಹೀಗಿದೆ ಎಂದು ಕೇಳುತ್ತಾರೆ. ನೀವು ಹೇಳುತ್ತೀರಿ: ‘ಅಂಗಳ ಒದ್ದೆಯಾಗಿದೆ, ಏಕೆಂದರೆ ರಾತ್ರಿ ಮಳೆ ಬಂದಿದೆ.’ ಮಾತುಗಳು ಅವೇ, ಜಾಗ ಮಾತ್ರ ಅದಲುಬದಲು. ಆದರೆ ಕೇಳುವವರ ಸ್ಥಿತಿ ಪೂರ್ತಿ ಬೇರೆ. ಬೆಳಿಗ್ಗೆ ಮಳೆಯ ವಿಷಯ ಯಾರಿಗೂ ಖಚಿತವಿಲ್ಲ, ಅಂಗಳ ಮಾತ್ರ ಕಣ್ಣೆದುರಿಗಿದೆ. ಅಂಗಳವನ್ನು ಆಧಾರವಾಗಿ ಇಟ್ಟುಕೊಂಡು ಮಳೆಯನ್ನು ನಂಬಿಸುತ್ತಿದ್ದೀರಿ. ಇದು ವಾದ. ಮಧ್ಯಾಹ್ನ ಅಂಗಳ ಒದ್ದೆಯೋ ಅಲ್ಲವೋ ಎಂದು ಯಾರೂ ಜಗಳ ಆಡುತ್ತಿಲ್ಲ. ಬಂದವರ ಚಪ್ಪಲಿಯೇ ಕೆಸರಾಗಿದೆ. ಅದು ಹೇಗೆ ಆಯಿತು ಅನ್ನುವುದನ್ನಷ್ಟೇ ತಿಳಿಸುತ್ತಿದ್ದೀರಿ. ಇದು ವಿವರಣೆ.

ಇಲ್ಲಿ ಎರಡು ಓಟಗಳಿವೆ. ಒಂದು, ಕಾರಣದಿಂದ ಪರಿಣಾಮಕ್ಕೆ: ಮಳೆ ಮೊದಲು, ಒದ್ದೆ ಆಮೇಲೆ. ಇದು ಜಗತ್ತಿನಲ್ಲಿ ನಡೆಯುವ ಓಟ, ನಾವು ಹೇಗೆ ಮಾತಾಡಿದರೂ ಬದಲಾಗುವುದಿಲ್ಲ. ಇನ್ನೊಂದು, ನಮ್ಮ ನಂಬಿಕೆಯ ಓಟ: ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ. ಬೆಳಗಿನ ಮಾತಿನಲ್ಲಿ ಈ ಎರಡು ಓಟಗಳು ಎದುರುಬದುರು ಹೋಗುತ್ತವೆ. ಮಳೆಯಿಂದ ಒದ್ದೆ ಆಗಿದೆ, ಆದರೆ ಒದ್ದೆಯಿಂದ ಮಳೆ ಗೊತ್ತಾಗಿದೆ. ‘ಏಕೆಂದರೆ’ ಅನ್ನುವ ಪದ ಎರಡಕ್ಕೂ ಕೂಲಿ ಮಾಡುತ್ತದೆ. ಯಾವ ದಿಕ್ಕಿಗೆ ಹೊರೆ ಹೊತ್ತಿದೆ ಎಂದು ಅದು ತಾನಾಗಿ ಹೇಳುವುದಿಲ್ಲ.

ನಮ್ಮ ಹಳೆಯ ತಾರ್ಕಿಕರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಉಂಟುಮಾಡುವ ಕಾರಣವನ್ನು ಕಾರಕ ಹೇತು ಎಂದರು, ತಿಳಿಸಿಕೊಡುವ ಕಾರಣವನ್ನು ಜ್ಞಾಪಕ ಹೇತು ಎಂದರು. ಮಡಕೆಗೆ ಕುಂಬಾರ ಕಾರಕ. ಕತ್ತಲಲ್ಲಿ ಮಡಕೆಯನ್ನು ತೋರಿಸುವ ದೀಪ ಜ್ಞಾಪಕ. ದೀಪ ಮಡಕೆಯನ್ನು ಮಾಡಲಿಲ್ಲ, ಆದರೆ ಮಡಕೆ ಅಲ್ಲಿದೆ ಎಂದು ನೀವು ಹೇಳಬಲ್ಲದ್ದು ದೀಪದಿಂದ. ನ್ಯಾಯದರ್ಶನದ ಹೆಸರುವಾಸಿ ಉದಾಹರಣೆಯಲ್ಲೂ ಇದೇ ಇದೆ. ಬೆಟ್ಟದಲ್ಲಿ ಬೆಂಕಿ ಇದೆ, ಹೊಗೆ ಕಾಣುವುದರಿಂದ. ಹೊಗೆ ಬೆಂಕಿಯನ್ನು ಹುಟ್ಟಿಸುವುದಿಲ್ಲ, ಬೆಂಕಿಯ ಸುಳಿವು ಕೊಡುತ್ತದೆ. ನಿಮಗೆ ಈ ಸಂಸ್ಕೃತ ಹೆಸರುಗಳು ಬೇಡವಾದರೆ ‘ಆಗಲು ಕಾರಣ’, ‘ನಂಬಲು ಕಾರಣ’ ಎಂದುಕೊಳ್ಳಿ. ನಾನು ತರಗತಿಯಲ್ಲಿ ಹಾಗೇ ಹೇಳುತ್ತಿದ್ದೆ.

ಈಗ ಕಲ್ಲು. ಹಲ್ಮಿಡಿ ಇರುವುದು ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ. ಅಲ್ಲಿನ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರು ಮೈಸೂರು ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು. ಹದಿನಾರು ಸಾಲು. ಮೊದಲಿಗೆ ವಿಷ್ಣುವನ್ನು ಹೊಗಳುವ ಸಂಸ್ಕೃತ ಶ್ಲೋಕ, ಆಮೇಲೆ ಕನ್ನಡ. ಯುದ್ಧದಲ್ಲಿ ಗೆದ್ದ ವಿಜ ಅರಸ ಎಂಬ ವೀರನಿಗೆ ಹಳ್ಳಿಗಳನ್ನು ಕೊಟ್ಟ ವಿಷಯ ಅದರಲ್ಲಿದೆ. ಆ ದಾನಕ್ಕೆ ‘ಬಾಳ್ಗಳ್ಚು’ ಎಂದು ಹೆಸರು. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆ. ಎಂಥ ಪದ! ಶಕವರ್ಷವೂ ಇಲ್ಲ, ರಾಜನ ಆಳ್ವಿಕೆಯ ಇಷ್ಟನೇ ವರ್ಷ ಅನ್ನುವುದೂ ಇಲ್ಲ.

ನೀವು ಆ ಕಲ್ಲಿನ ಮುಂದೆ ನಿಂತಿದ್ದೀರಿ ಅಂದುಕೊಳ್ಳಿ. ಅಕ್ಷರ ಓದಬಲ್ಲವರೊಬ್ಬರು ಪಕ್ಕದಲ್ಲಿದ್ದಾರೆ. ಪ್ಯಾರಾದಲ್ಲಿರುವ ಮಾತುಗಳನ್ನು ಒಂದೊಂದಾಗಿ ತೆಗೆದುಕೊಂಡು ‘ಇದು ಕಲ್ಲಿನ ಮೇಲೆ ಕಾಣುತ್ತದಾ?’ ಎಂದು ಕೇಳಿ. ಅಕ್ಷರಗಳು ಹಳೆಯ ರೂಪದಲ್ಲಿವೆ: ಕಾಣುತ್ತದೆ. ಕಕುಸ್ಥನ ಹೆಸರಿದೆ: ಕಾಣುತ್ತದೆ. ಸಂಸ್ಕೃತ ಪದಗಳು ಜಾಸ್ತಿ ಇವೆ: ಎಣಿಸಿ ನೋಡಬಹುದು. 450 ಇದೆಯಾ? ಇಲ್ಲ. ಸಂಸ್ಕೃತಕ್ಕೆ ಮನ್ನಣೆ ಇತ್ತು ಅಂತ ಬರೆದಿದೆಯಾ? ಅದೂ ಇಲ್ಲ.

ಈಗ ಆ ಎರಡು ‘ಏಕೆಂದರೆ’ಗಳನ್ನು ನೋಡಿ. ಮೊದಲನೆಯದರಲ್ಲಿ ಕಾಣುವುದು ‘ಏಕೆಂದರೆ’ಯ ಆಚೆಗಿದೆ, ಕಾಣದ್ದು ಈಚೆಗಿದೆ. ಕಾಣುವ ಲಿಪಿ, ಕಾಣುವ ಹೆಸರು ಸೇರಿ ಕಾಣದ 450ನ್ನು ಹೊತ್ತು ನಿಂತಿವೆ. ಎರಡನೆಯದರಲ್ಲಿ ಕಾಣುವುದು ಮೊದಲೇ ಬಂದಿದೆ: ಸಂಸ್ಕೃತ ಪದಗಳು. ಅವು ಇವೆ ಎಂದು ನಂಬಿಸಲು ಲೇಖಕರು ಏನೂ ಕಷ್ಟಪಡುತ್ತಿಲ್ಲ. ಅದು ಹೇಗೆ ಬಂತು ಅನ್ನುವುದಕ್ಕೆ ಒಂದು ಕಾರಣ ಕೊಡುತ್ತಿದ್ದಾರೆ ಅಷ್ಟೆ. ಹಾಗಾಗಿ ಮೊದಲನೆಯದು ವಾದ, ಎರಡನೆಯದು ವಿವರಣೆ. ‘ತೀರ್ಮಾನ’ ಅನ್ನುವುದು ವಾದಕ್ಕೆ ಮಾತ್ರ ಇರುವ ವಸ್ತು. ಪ್ಯಾರಾದಲ್ಲಿ ಇರುವುದೊಂದೇ ವಾದ ಆದ್ದರಿಂದ ತೀರ್ಮಾನವೂ ಒಂದೇ, 450.

ಮೊದಲ ‘ಏಕೆಂದರೆ’ಯನ್ನು ವಿವರಣೆ ಎಂದು ಓದಲು ಪ್ರಯತ್ನಿಸಿ, ಎಷ್ಟು ವಿಚಿತ್ರವಾಗುತ್ತದೆ ನೋಡಿ. ಶಾಸನ 450ರದ್ದು ಆಗಲು ಅದರ ಅಕ್ಷರಗಳು ಕಾರಣವೇ? ಅಕ್ಷರ ಹೊಸದಾಗಿದ್ದರೆ ಕಾಲ ಮುಂದೆ ಜಾರುತ್ತಿತ್ತೇ? ನಿಜವಾದ ಓಟ ಉಲ್ಟಾ ಇದೆ. ಆ ಕಾಲದಲ್ಲಿ ಕೆತ್ತಿದ್ದರಿಂದ ಆ ಕಾಲದ ಅಕ್ಷರಗಳು ಬಂದವು. ಇದನ್ನೇ ಒಂದು ಊರಿನ ಫಲಕದಲ್ಲಿ ಬರೆಯುವವರು ‘ಈ ಶಾಸನ 5ನೇ ಶತಮಾನದ್ದಾದ್ದರಿಂದ ಇದರ ಅಕ್ಷರಗಳು ಇಂದಿನ ಕನ್ನಡದ ಹಾಗೆ ಕಾಣುವುದಿಲ್ಲ’ ಎಂದು ಬರೆಯಬಹುದು. ಅಲ್ಲಿ ಕಾಲವನ್ನು ಒಪ್ಪಿಕೊಂಡಾಗಿದೆ. ನೋಡಲು ಬಂದ ಮಗು ‘ಇದನ್ನು ಯಾಕೆ ಓದೋಕಾಗಲ್ಲ?’ ಎಂದು ಕೇಳುತ್ತದೆ, ಫಲಕ ಉತ್ತರ ಹೇಳುತ್ತದೆ. ಕಲ್ಲು ಅದೇ, ಲಿಪಿ ಅದೇ, ಕಾಲ ಅದೇ. ವಿದ್ವಾಂಸರ ಲೇಖನದಲ್ಲಿ ಅದು ವಾದ, ಫಲಕದಲ್ಲಿ ವಿವರಣೆ. ಅಂದರೆ ಒಂದು ವಾಕ್ಯವನ್ನು ಅದರ ಓದುಗರಿಂದ ಬಿಡಿಸಿ, ಸುಮ್ನೆ ಎತ್ತಿ ತೋರಿಸಿ ‘ಇದು ಯಾವುದು?’ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಬರೆದವರು ಯಾವುದನ್ನು ‘ಇದು ನಿಮಗೆ ಗೊತ್ತೇ ಇದೆ’ ಎಂದುಕೊಂಡು ಬರೆದಿದ್ದಾರೆ ಅನ್ನುವುದನ್ನು ಹುಡುಕಬೇಕು. ಅದೇ ಮುಖ್ಯ.

ಹುಡುಕಲು ಕನ್ನಡವೇ ಸ್ವಲ್ಪ ಸಹಾಯ ಮಾಡುತ್ತದೆ. ‘ಏಕೆಂದರೆ’ ತೆಗೆದು ಆ ಜಾಗದಲ್ಲಿ ‘ಇದಕ್ಕೆ ಆಧಾರ’ ಎಂದು ಹಾಕಿ ಓದಿ. ‘ಅದು 450ರದ್ದು; ಇದಕ್ಕೆ ಆಧಾರ ಅದರ ಲಿಪಿ ಮತ್ತು ಕಕುಸ್ಥನ ಹೆಸರು.’ ಚೆನ್ನಾಗಿ ಕೂರುತ್ತದೆ. ‘ಸಂಸ್ಕೃತ ಪದಗಳು ಹೆಚ್ಚಾಗಿವೆ; ಇದಕ್ಕೆ ಆಧಾರ ಆ ಕಾಲದ ಮನ್ನಣೆ.’ ಇದು ಕಿವಿಗೆ ತೊಡರುತ್ತದೆ ಅಲ್ವಾ? ಪದಗಳು ಕಣ್ಣೆದುರಿಗೇ ಇರುವಾಗ ಅದಕ್ಕೆ ಆಧಾರ ಯಾರು ಕೇಳಿದರು?

ಇನ್ನೊಂದು ಉಪಾಯ ‘ಇರಬೇಕು’. ಕಣ್ಣಾರೆ ಕಾಣದ್ದನ್ನು ಊಹಿಸಿ ಹೇಳುವಾಗ ನಾವು ಕ್ರಿಯಾಪದಕ್ಕೆ ಇದನ್ನು ಅಂಟಿಸುತ್ತೇವೆ: ಮಳೆ ಬಂದಿರಬೇಕು, ಅವರು ಹೊರಟಿರಬೇಕು. ವಾಕ್ಯದ ಯಾವ ತುಂಡಿಗೆ ‘ಇರಬೇಕು’ ಸಲೀಸಾಗಿ ಅಂಟುತ್ತದೋ ಸಾಮಾನ್ಯವಾಗಿ ಅದೇ ತೀರ್ಮಾನ. ‘ಅದು ಸುಮಾರು 450ರದ್ದಿರಬೇಕು’ ಅನ್ನಬಹುದು. ‘ಸಂಸ್ಕೃತ ಪದಗಳು ಹೆಚ್ಚಾಗಿ ಇರಬೇಕು’ ಎಂದರೆ ಯಾರೋ ಶಾಸನ ನೋಡದೆ ಮಾತಾಡಿದ ಹಾಗಾಗುತ್ತದೆ. ತೊಂದರೆ ಏನೆಂದರೆ, ಬರೆಯುವಾಗ, ಅದರಲ್ಲೂ ಪತ್ರಿಕೆ ಮತ್ತು ಪಠ್ಯಪುಸ್ತಕದಲ್ಲಿ, ಈ ‘ಇರಬೇಕು’ ಬಿದ್ದುಹೋಗುತ್ತದೆ. ‘450ರದ್ದು’ ಎಂದು ಖಡಾಖಂಡಿತವಾಗಿ ಬರುತ್ತದೆ. ತೀರ್ಮಾನವು ಮಾಹಿತಿಯ ವೇಷ ಹಾಕಿಕೊಂಡು ಕೂತುಬಿಡುತ್ತದೆ. ನಿಮ್ಮ ಪ್ಯಾರಾದಲ್ಲಿ ಆಗಿದ್ದು ಅದೇ. ನೀವು 450ನ್ನು ಓದಿದ ಕೂಡಲೇ ಅದನ್ನು ‘ಗೊತ್ತಿರುವ ವಿಷಯ’ದ ಡಬ್ಬಿಗೆ ಹಾಕಿದಿರಿ. ಶಾಲೆಯಿಂದಲೂ ಕೇಳಿದ ಅಂಕಿ ಅದು. ಹಾಗೆ ಹಾಕಿದ ಮೇಲೆ ತೀರ್ಮಾನ ಬೇರೆಲ್ಲೋ ಇರಬೇಕು ಅನ್ನಿಸಿತು, ಕೊನೆಯ ಸಾಲಿಗೆ ಹೋದಿರಿ. ನಿಮಗೆ ಮೊದಲೇ ಗೊತ್ತಿದೆಯೋ ಇಲ್ಲವೋ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ‘ಕಾಲದ ಉಲ್ಲೇಖ ಇಲ್ಲ. ಆದರೂ’ ಎಂದು ಲೇಖಕರು ಶುರುಮಾಡಿದ್ದಾರೆ. ಆ ‘ಆದರೂ’ ಒಂದು ಆಕ್ಷೇಪಕ್ಕೆ ಕೊಟ್ಟ ಉತ್ತರ. ಬರೆದಿಲ್ಲದ್ದನ್ನು ಹೇಗೆ ಹೇಳುತ್ತೀರಿ ಎಂದು ಯಾರೋ ಕೇಳಿಯಾರು ಎಂದು ಅವರಿಗೆ ಗೊತ್ತಿದೆ. 450 ಅನ್ನುವುದು ಚರ್ಚೆಯಲ್ಲಿದೆ ಎಂದು ಅವರೇ ಸೂಚನೆ ಕೊಟ್ಟಿದ್ದಾರೆ.

ಲಾಭ ಏನು ಎಂದು ಕೇಳಿದ್ದೀರಿ. ಪ್ಯಾರಾವನ್ನು ಎಲ್ಲಿ ತಟ್ಟಿ ನೋಡಬೇಕು ಅನ್ನುವುದು ಇದರಿಂದ ತಿಳಿಯುತ್ತದೆ. ‘ಈ ಕೆಳಗಿನ ಯಾವ ಮಾತು ಲೇಖಕರ ನಿಲುವನ್ನು ದುರ್ಬಲಗೊಳಿಸುತ್ತದೆ?’ ಎಂಬ ಪ್ರಶ್ನೆಯನ್ನು ನೀವು ಕಂಡಿರುತ್ತೀರಿ. ಅದಕ್ಕೆ ಉತ್ತರ ಸಿಗುವುದು ದಿಕ್ಕು ಗೊತ್ತಿದ್ದರೆ ಮಾತ್ರ.

ವಾದವನ್ನು ತಟ್ಟುವುದು ಹೀಗೆ. ಕಕುಸ್ಥನ ಹೆಸರಿದೆ ಸರಿ, ಆದರೆ ಆ ಹೆಸರು ತೀರ್ಮಾನದವರೆಗೆ ನಮ್ಮನ್ನು ಕರೆದುಕೊಂಡು ಹೋಗುತ್ತದೆಯೇ? ನಡುವೆ ಎರಡು ಮೆಟ್ಟಿಲುಗಳಿವೆ, ಪ್ಯಾರಾ ಅವನ್ನು ಹೇಳಿಲ್ಲ. ಕಲ್ಲಿನಲ್ಲಿರುವುದು ‘ಕಕುಸ್ಥ ಭಟ್ಟೋರ’. ಅವನೇ ಕದಂಬ ವಂಶದ ಕಾಕುಸ್ಥವರ್ಮ ಅನ್ನುವುದು ಮೊದಲ ಮೆಟ್ಟಿಲು. ಕಾಕುಸ್ಥವರ್ಮ ಆಳಿದ್ದು 5ನೇ ಶತಮಾನದ ಮೊದಲರ್ಧದಲ್ಲಿ ಅನ್ನುವುದು ಎರಡನೆಯದು. ಈ ಎರಡನೆಯದೂ ಎಲ್ಲೋ ನೇರವಾಗಿ ಬರೆದಿಟ್ಟ ಮಾತಲ್ಲ, ತಾನೇ ಒಂದು ತೀರ್ಮಾನ. ಅವನ ಹಲಸಿಯ ತಾಮ್ರಪಟದಲ್ಲಿ ‘ಎಂಬತ್ತನೆಯ ವರ್ಷ’ ಎಂದಿದೆ, ಯಾವ ಲೆಕ್ಕದ ಎಂಬತ್ತು ಎಂದು ಇಲ್ಲ. ತಾಳಗುಂದದ ಕಂಬದ ಶಾಸನ ಅವನ ಮಗಳಂದಿರು ಗುಪ್ತರೇ ಮೊದಲಾದ ರಾಜಮನೆತನಗಳಿಗೆ ಸೊಸೆಯರಾಗಿ ಹೋದರು ಎನ್ನುತ್ತದೆ. ಇಂಥ ತುಣುಕುಗಳನ್ನು ಜೋಡಿಸಿ ಅವನ ಕಾಲ ನಿರ್ಧರಿಸಿದ್ದಾರೆ. ಈ ಮೆಟ್ಟಿಲುಗಳಲ್ಲಿ ಒಂದು ಅಲ್ಲಾಡಿದರೂ 450 ಅಲ್ಲಾಡುತ್ತದೆ. ಅದೇ ಹೆಸರಿನ ಬೇರೊಬ್ಬ ಇದ್ದ ಎಂದು ತೋರಿಸಿದರೆ, ಆ ಆಯ್ಕೆ ಲೇಖಕರ ನಿಲುವನ್ನು ದುರ್ಬಲಗೊಳಿಸುತ್ತದೆ.

ಲಿಪಿಯ ಆಧಾರಕ್ಕೂ ಹೀಗೇ ಒಂದು ಮಿತಿ ಇದೆ. ಲಿಪಿಯಿಂದ ಕಾಲ ಹೇಳುವವರು ತೇದಿ ಇರುವ ಶಾಸನಗಳ ಜೊತೆ ಹೋಲಿಸುತ್ತಾರೆ. ಬಾದಾಮಿಯ ಬಂಡೆಯ ಮೇಲೆ ಒಂದನೇ ಪುಲಕೇಶಿಯ ಶಾಸನವಿದೆ, ಶಕ 465, ಅಂದರೆ ಕ್ರಿ.ಶ. 543. ಅಲ್ಲಿನ ಮೂರನೇ ಗುಹೆಯಲ್ಲಿ ಮಂಗಳೇಶ ಬರೆಸಿದ್ದು ಶಕ 500, ಅಂದರೆ 578. ಇಂಥವು ಗೂಟಗಳಿದ್ದ ಹಾಗೆ. ತೇದಿ ಇಲ್ಲದ ಅಕ್ಷರಗಳು ಇವುಗಳಿಗಿಂತ ಹಳೆಯದಾಗಿ ಕಂಡರೆ ಹಿಂದಕ್ಕೆ ಒಯ್ಯುತ್ತಾರೆ. ಆದರೆ ಅಕ್ಷರದ ರೂಪ ಕ್ಯಾಲೆಂಡರ್ ನೋಡಿ ಬದಲಾಗುವುದಿಲ್ಲ. ಒಂದು ಊರಿನ ಕಲ್ಲುಕುಟಿಗ ಅಜ್ಜ ಕಲಿಸಿದ ಹಾಗೆಯೇ ಕೆತ್ತುತ್ತಿರಬಹುದು, ಅಷ್ಟರಲ್ಲಿ ರಾಜಧಾನಿಯಲ್ಲಿ ಶೈಲಿ ಬದಲಾಗಿರಬಹುದು. ಆದ್ದರಿಂದ ಲಿಪಿ ಕೊಡುವುದು ಒಂದು ಅಂದಾಜು, ಒಂದು ಇಸವಿ ಅಲ್ಲ. ‘ಸುಮಾರು’ ಅನ್ನುವ ಪದ ಅಲ್ಲಿರುವುದು ಅದಕ್ಕೇ. ಕೆಲವು ವಿದ್ವಾಂಸರು ಈ ಶಾಸನವನ್ನು ಇನ್ನೂ ಈಚೆಗೆ ತರುವುದೂ ಇಂಥ ಕಾರಣಗಳಿಂದಲೇ. ಓದುವಾಗ ‘ಸುಮಾರು’ವನ್ನು ನುಂಗಿಬಿಟ್ಟರೆ, ಆಧಾರ ಹೊರಬಲ್ಲದ್ದಕ್ಕಿಂತ ಹೆಚ್ಚಿನ ಭಾರವನ್ನು ತೀರ್ಮಾನಕ್ಕೆ ಹೊರಿಸಿದ ಹಾಗೆ.

ವಿವರಣೆಯನ್ನು ತಟ್ಟುವ ಬಗೆ ಬೇರೆ. ‘ಸಂಸ್ಕೃತಕ್ಕೆ ಮನ್ನಣೆ ಇದ್ದುದರಿಂದ’ ಅನ್ನುವುದು ತಪ್ಪು ಎಂದು ತೋರಿಸಿದಿರಿ ಅಂದುಕೊಳ್ಳಿ. ಕಲ್ಲಿನ ಮೇಲಿನ ಸಂಸ್ಕೃತ ಪದಗಳು ಅಳಿಸಿಹೋಗುತ್ತವೆಯೇ? ಇಲ್ಲ. ಅವು ಅಲ್ಲೇ ಇರುತ್ತವೆ, ಕಾರಣ ಮಾತ್ರ ಮತ್ತೆ ಹುಡುಕಬೇಕು. ಬರಹ ಸಿದ್ಧಮಾಡಿದವನ ಓದೇ ಸಂಸ್ಕೃತದ್ದಾಗಿತ್ತು ಎನ್ನಬಹುದು. ದಾನಶಾಸನದ ಬರಹಕ್ಕೆ ಸಿದ್ಧ ಅಚ್ಚೊಂದು ಇತ್ತು, ಅದರಿಂದ ಪದಗಳು ಬಂದವು ಎನ್ನಬಹುದು. ವಿವರಣೆಗೆ ಪೆಟ್ಟು ಕೊಡುವುದು ಇನ್ನೊಂದು ವಿವರಣೆ, ಅಥವಾ ಆ ಕಾರಣದಿಂದ ಆ ಪರಿಣಾಮ ಬರುವುದಿಲ್ಲ ಎಂದು ತೋರಿಸುವುದು. ವಾದದಲ್ಲಿ ಆಧಾರ ಕುಸಿದರೆ ತೀರ್ಮಾನ ನೆಲೆ ಇಲ್ಲದೆ ನಿಲ್ಲುತ್ತದೆ. ವಿವರಣೆಯಲ್ಲಿ ಕಾರಣ ಕುಸಿದರೂ ವಿಷಯ ಗಟ್ಟಿಯಾಗಿ ನಿಂತೇ ಇರುತ್ತದೆ. ಒಂದು ಪ್ಯಾರಾ ವಾದವೋ ವಿವರಣೆಯೋ ಎಂದು ಅನುಮಾನ ಬಂದಾಗ ನಾನು ಮಾಡುವುದು ಇದನ್ನೇ. ‘ಏಕೆಂದರೆ’ಯ ನಂತರದ ಮಾತು ಸುಳ್ಳು ಅಂದುಕೊಳ್ಳುತ್ತೇನೆ. ಆಮೇಲೆ ಮೊದಲಿನ ಮಾತನ್ನು ನಂಬಲು ಲೇಖಕರು ನನಗೆ ಇನ್ನೇನಾದರೂ ಉಳಿಸಿದ್ದಾರಾ ಎಂದು ನೋಡುತ್ತೇನೆ.

ಈ ವ್ಯತ್ಯಾಸ ಮರೆತಾಗ ಹುಟ್ಟುವ ಒಂದು ತಪ್ಪು ಸ್ವಲ್ಪ ಸೂಕ್ಷ್ಮವಾದದ್ದು, ದೊಡ್ಡ ದೊಡ್ಡವರೂ ಅದರಲ್ಲಿ ಬೀಳುತ್ತಾರೆ. ತೇದಿ ಇಲ್ಲದ ಇನ್ನೊಂದು ಶಾಸನ ಸಿಕ್ಕಿತು ಅನ್ನಿ. ಅದರ ಅಕ್ಷರಗಳು ಹಲ್ಮಿಡಿಯ ಹಾಗೆ ಇವೆ. ಹಲ್ಮಿಡಿ 450ರದ್ದು, ಆದ್ದರಿಂದ ಇದೂ 450ರ ಹೊತ್ತಿನದು ಎಂದು ಒಬ್ಬರು ಬರೆಯುತ್ತಾರೆ. ಇದರಲ್ಲಿ ತಪ್ಪಿಲ್ಲ. ಹತ್ತು ವರ್ಷದ ನಂತರ ಇನ್ನೊಬ್ಬರು ಹಲ್ಮಿಡಿಯ ಕಾಲ ಚರ್ಚಿಸುತ್ತಾ ‘450ರ ಹೊತ್ತಿನ ಆ ಇನ್ನೊಂದು ಶಾಸನದಲ್ಲೂ ಇದೇ ಅಕ್ಷರಗಳಿವೆ, ಆದ್ದರಿಂದ ಹಲ್ಮಿಡಿ 450ರದ್ದೇ’ ಎನ್ನುತ್ತಾರೆ. ಓದಲು ಬಲವಾದ ಸಾಕ್ಷಿಯ ಹಾಗಿದೆ. ಆದರೆ ಬಾಣದ ಗುರುತು ಹಾಕಿ ನೋಡಿ: ಹಲ್ಮಿಡಿಯಿಂದ ಆ ಕಲ್ಲಿಗೆ, ಆ ಕಲ್ಲಿನಿಂದ ಮತ್ತೆ ಹಲ್ಮಿಡಿಗೆ. ಇಬ್ಬರು ಪರಸ್ಪರ ಜಾಮೀನು ಹಾಕಿಕೊಂಡ ಹಾಗಾಯಿತು. ಮೂರನೆಯವರ ಆಸ್ತಿ ಎಲ್ಲೂ ಇಲ್ಲ. ಬಾದಾಮಿಯಂಥ, ತನ್ನ ವರ್ಷವನ್ನು ತಾನೇ ಹೇಳುವ ಕಲ್ಲು ಸರಪಳಿಯ ಒಂದು ತುದಿಯಲ್ಲಾದರೂ ಇರಬೇಕು. ಒಂದೊಂದು ಪುಟವನ್ನು ಬಿಡಿಬಿಡಿಯಾಗಿ ಓದಿದರೆ ಈ ಸುತ್ತು ಕಾಣುವುದೇ ಇಲ್ಲ. ಯಾವುದು ಯಾವುದನ್ನು ಹೊತ್ತಿದೆ ಎಂದು ಪೆನ್ಸಿಲಿನಲ್ಲಿ ಬಾಣ ಹಾಕುವ ಅಭ್ಯಾಸ ಇದ್ದರೆ ಕಾಣುತ್ತದೆ.

ಇನ್ನೊಂದು ತಪ್ಪು ಹೋಟೆಲಿನ ಚಹಾ ಟೇಬಲ್ಲಿನಲ್ಲೂ ಕೇಳಿಬರುತ್ತದೆ. ‘ಕನ್ನಡದವರು ಹಲ್ಮಿಡಿಯನ್ನು 450 ಅನ್ನುತ್ತಾರೆ, ಏಕೆಂದರೆ ಅವರಿಗೆ ತಮ್ಮ ಭಾಷೆ ಹಳೆಯದು ಅನ್ನಿಸಿಕೊಳ್ಳಬೇಕು.’ ಇದು ಏನು? ಜನ ಹಾಗೆ ಯಾಕೆ ಹೇಳುತ್ತಾರೆ ಅನ್ನುವುದರ ವಿವರಣೆ. ನಿಜವೂ ಇರಬಹುದು. ಅಭಿಮಾನ ಇಲ್ಲ ಎಂದು ನಾನೇನೂ ಹೇಳುವುದಿಲ್ಲ, ನನಗೂ ಇದೆ. ಆದರೆ ಶಾಸನ 450ರದ್ದು ಅಲ್ಲ ಅನ್ನುವುದಕ್ಕೆ ಇದು ಆಧಾರವೇ ಅಲ್ಲ. ನಂಬಿಕೆ ಹುಟ್ಟಿದ್ದು ಹೇಗೆ ಅನ್ನುವುದು ಒಂದು, ನಂಬಿಕೆ ಸರಿಯೇ ಅನ್ನುವುದು ಇನ್ನೊಂದು. ಅಭಿಮಾನದಿಂದ ಹೇಳಿದವರ ಮಾತು ಸರಿ ಇರಬಹುದು, ಅಭಿಮಾನವೇ ಇಲ್ಲದವರ ಮಾತು ತಪ್ಪಿರಬಹುದು. ಆ ಮಾತನ್ನು ಆಡಿದವರು ವಿವರಣೆಯನ್ನು ಕೊಟ್ಟು ವಾದದ ಕೂಲಿ ಕೇಳುತ್ತಿದ್ದಾರೆ. ನಾವು ಕೊಡಬೇಕಾಗಿಲ್ಲ. ಎದುರು ಕಡೆಯವರಿಗೂ ಇದು ಅನ್ವಯಿಸುತ್ತದೆ. ‘ಹೊರಗಿನವರು ಹೊಟ್ಟೆಕಿಚ್ಚಿನಿಂದ ಈಚೆಗೆ ತರುತ್ತಾರೆ’ ಎಂದರೆ ಕಲ್ಲು ಒಂದು ವರ್ಷವೂ ಹಳೆಯದಾಗುವುದಿಲ್ಲ.

ಇಷ್ಟು ಹೇಳಿ, ನಿಮ್ಮ ತಪ್ಪು ಉತ್ತರದ ಪರವಾಗಿಯೂ ಒಂದು ಮಾತು ಹೇಳಬೇಕು. ಎಲ್ಲಾ ಪ್ಯಾರಾಗಳೂ ಇಷ್ಟು ಸಲೀಸಾಗಿ ಎರಡು ಬುಟ್ಟಿಗೆ ಬೀಳುವುದಿಲ್ಲ. ರಾತ್ರಿ ದೇವರ ಮನೆಯ ದೀಪ ಆರಿದೆ. ‘ಎಣ್ಣೆ ಮುಗಿದಿರಬೇಕು’ ಎನ್ನುತ್ತೇವೆ. ದೀಪ ಆರಿದ್ದಕ್ಕೆ ಇದು ವಿವರಣೆ. ಆದರೆ ಎಣ್ಣೆ ಮುಗಿದಿದ್ದನ್ನು ನಾವು ನೋಡಿಲ್ಲ, ‘ಇರಬೇಕು’ ಅದಕ್ಕೇ ಅಂಟಿದೆ. ದೀಪ ಆರಿದೆ, ಗಾಳಿ ಇಲ್ಲ, ಬತ್ತಿ ಸರಿಯಾಗಿದೆ, ಹಾಗಿದ್ದರೆ ಎಣ್ಣೆಯೇ ಮುಗಿದಿರಬೇಕು. ಅಂದರೆ ‘ಇದೇ ಸರಿಯಾದ ವಿವರಣೆ’ ಅನ್ನುವುದನ್ನೇ ಒಂದು ವಾದದಿಂದ ನಿಲ್ಲಿಸುತ್ತಿದ್ದೇವೆ. ಒಂದೇ ಮಾತಿನಲ್ಲಿ ಎರಡೂ ಇದೆ. ವೈದ್ಯರು ರೋಗ ಪತ್ತೆ ಮಾಡುವುದು, ಮೆಕ್ಯಾನಿಕ್ ಗಾಡಿ ಯಾಕೆ ಸ್ಟಾರ್ಟ್ ಆಗುತ್ತಿಲ್ಲ ಎಂದು ಹೇಳುವುದು, ಎಲ್ಲವೂ ಹೀಗೇ. ಇಲ್ಲಿ ವಾದದ ಬಲ ನಿಂತಿರುವುದು ಬೇರೆ ವಿವರಣೆಗಳನ್ನು ಎಷ್ಟು ಪ್ರಾಮಾಣಿಕವಾಗಿ ತಳ್ಳಿಹಾಕಿದ್ದಾರೆ ಅನ್ನುವುದರ ಮೇಲೆ. ಬತ್ತಿಯನ್ನು ನೋಡದೆಯೇ ಎಣ್ಣೆ ಅಂದರೆ ಅದು ಬರೀ ಊಹೆ.

ನಿಮ್ಮ ಪ್ಯಾರಾದ ಎರಡನೇ ‘ಏಕೆಂದರೆ’ಯನ್ನೂ ಒಬ್ಬರು ಇಂಥ ಬಗೆಗೆ ತಿರುಗಿಸಬಹುದಿತ್ತು. ‘ಕನ್ನಡ ಶಾಸನದಲ್ಲೂ ಇಷ್ಟೊಂದು ಸಂಸ್ಕೃತ ಪದಗಳಿವೆ. ಶಾಸನ ಶುರುವಾಗುವುದೇ ಸಂಸ್ಕೃತ ಶ್ಲೋಕದಿಂದ. ಕದಂಬರ ತಾಳಗುಂದದ ಶಾಸನ ಪೂರ್ತಿ ಸಂಸ್ಕೃತದಲ್ಲಿದೆ. ಇವನ್ನೆಲ್ಲ ನೋಡಿದರೆ ಆಳುವವರಲ್ಲಿ ಸಂಸ್ಕೃತಕ್ಕೆ ಮನ್ನಣೆ ಇದ್ದಿರಬೇಕು.’ ಹೀಗೆ ಬರೆದಿದ್ದರೆ ಬಾಣ ತಿರುಗುತ್ತಿತ್ತು. ಕಲ್ಲಿನ ಮೇಲಿನ ಪದಗಳು ಆಧಾರ, ಮನ್ನಣೆ ತೀರ್ಮಾನ. ‘ನೋಡಿದರೆ’ ಅನ್ನುವ ಪದವನ್ನು ಗಮನಿಸಿ, ಅದು ‘ಏಕೆಂದರೆ’ಯ ಹಾಗೆ ಎರಡೂ ಕಡೆ ಕೂಲಿ ಮಾಡುವುದಿಲ್ಲ. ‘ಮೋಡ ನೋಡಿದರೆ ಮಳೆ ಬರುವ ಹಾಗಿದೆ’ ಎನ್ನುವಾಗ ಅದು ಸುಳಿವನ್ನೇ ತೋರಿಸುತ್ತದೆ. ಅಂಥ ಪ್ಯಾರಾ ಆಗಿದ್ದರೆ ನಿಮ್ಮ ಗುರುತಿಗೆ ಅಂಕ ಬರುತ್ತಿತ್ತು. ಬಹುಶಃ ನಿಮ್ಮ ತಲೆಯಲ್ಲಿ ಪ್ಯಾರಾ ಹಾಗೇ ತಿರುಗಿಕೊಂಡಿತ್ತು. ಯೋಚನೆಯಾಗಿ ಅದು ಒಳ್ಳೆಯದೇ, ಒಬ್ಬ ಸಂಶೋಧಕ ಮಾಡಬೇಕಾದ ಯೋಚನೆ. ಆದರೆ ಪ್ರಶ್ನೆ ಕೇಳಿದ್ದು ಲೇಖಕರ ತೀರ್ಮಾನವನ್ನು. ಲೇಖಕರು ಮನ್ನಣೆಯನ್ನು ಸಾಬೀತು ಮಾಡಲು ಹೊರಟಿಲ್ಲ, ಅದನ್ನು ಬಳಸಿಕೊಂಡು ಮುಂದೆ ಹೋಗಿದ್ದಾರೆ.

ಸಂದರ್ಭ ಕತ್ತರಿಸಿ ಎರಡೇ ಸಾಲು ಕೊಟ್ಟು ಕೇಳುವ ಪ್ರಶ್ನೆಗಳೂ ಇರುತ್ತವೆ. ಅವುಗಳಲ್ಲಿ ಕೆಲವಕ್ಕೆ ನಿಜವಾಗಿಯೂ ಎರಡು ಉತ್ತರ ಸಾಧ್ಯ, ತಪ್ಪು ಪ್ರಶ್ನೆ ತೆಗೆದವರದ್ದು. ಅಂಥ ಕಡೆ ನಾನು ಯಾವ ಓದಿನಲ್ಲಿ ಲೇಖಕರು ಹೆಚ್ಚು ಬುದ್ಧಿವಂತರಾಗಿ ಕಾಣುತ್ತಾರೋ ಅದನ್ನು ಹಿಡಿಯುತ್ತೇನೆ. ‘ಅವನು ಸಾಲ ಕಟ್ಟಲಿಲ್ಲ, ಏಕೆಂದರೆ ಆ ವರ್ಷ ಬೆಳೆ ಹೋಯಿತು’ ಎಂಬುದನ್ನು ವಾದ ಎಂದು ಓದಿದರೆ ಬಹಳ ಬಡಕಲು ವಾದ. ಬೆಳೆ ಹೋದವರೆಲ್ಲ ಸಾಲ ಉಳಿಸಿಕೊಳ್ಳುವುದಿಲ್ಲ. ವಿವರಣೆ ಎಂದು ಓದಿದರೆ ಸಹಜವಾಗಿದೆ.

ಆ ಅಣಕು ಪರೀಕ್ಷೆಯ ಹಾಳೆ ಇನ್ನೂ ನಿಮ್ಮ ಹತ್ತಿರ ಇದ್ದರೆ, ನೀವು ಸರಿ ಉತ್ತರ ಬರೆದ ಪ್ಯಾರಾಗಳಿಗೂ ಬಾಣ ಹಾಕಿ ನೋಡಿ. ಕಾಣುವ ಮಾತಿನ ಕೆಳಗೆ ಒಂದು ಗೆರೆ ಎಳೆಯಿರಿ, ಕಾಣದ ಮಾತಿನ ಸುತ್ತ ಒಂದು ಸುತ್ತು ಹಾಕಿ, ಆಧಾರದಿಂದ ತೀರ್ಮಾನಕ್ಕೆ ಬಾಣ ಎಳೆಯಿರಿ. ಬಾಣ ಬಂದು ಮುಟ್ಟುವ ಮಾತೇ ಇಲ್ಲದ ಪ್ಯಾರಾ ಸಿಕ್ಕರೆ ಅಲ್ಲಿ ವಾದವೇ ಇಲ್ಲ, ಬರೀ ವಿವರಣೆ ಇದೆ. ಅಂಥ ಪ್ಯಾರಾಕ್ಕೂ ‘ತೀರ್ಮಾನ ಯಾವುದು’ ಎಂದು ಕೇಳಿದ್ದರೆ ಆ ಪ್ರಶ್ನೆಯನ್ನು ನನಗೆ ಕಳಿಸಿ.